ಮಕ್ಕಳ ಫೋಟೊ ಮತ್ತು ದಾಖಲೆ: ಪೋಷಕರ ಗಮನಕ್ಕೆ

ಪೋಷಕರಿಗೆ ನಮಸ್ಕಾರ.

ನಿಮ್ಮ ಮಗುವಿನ ಬಗ್ಗೆ ನಮ್ಮ ಟ್ಯೂಷನ್ ಸೆಂಟರಿನಲ್ಲಿ ಏನೇನು ಬರೆದಿಟ್ಟುಕೊಳ್ಳುತ್ತೇವೆ, ತೆಗೆದ ಫೋಟೊ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಇಲ್ಲಿ ತಿಳಿಸಿದ್ದೇವೆ. 8, 9 ಮತ್ತು 10ನೇ ತರಗತಿಯ ಎಲ್ಲ ಬ್ಯಾಚುಗಳಿಗೂ ಇದು ಅನ್ವಯಿಸುತ್ತದೆ.

ದಾಖಲೆಗಳು

ಮಗುವಿನ ಹೆಸರು, ಶಾಲೆ, ತರಗತಿ, ಮನೆ ವಿಳಾಸ, ನಿಮ್ಮ ಫೋನ್ ನಂಬರ್. ಇವುಗಳ ಜೊತೆಗೆ ಹಾಜರಿ, ಟೆಸ್ಟ್ ಅಂಕ, ಫೀ ಲೆಕ್ಕ. ಇಷ್ಟೇ. ಆಧಾರ್ ಕೇಳುವುದಿಲ್ಲ, ಪಾಠ ಹೇಳಲು ಅದು ಬೇಕಾಗಿಯೂ ಇಲ್ಲ. ಹಿಂದೆ ಕೆಲವರಿಂದ ಆಧಾರ್ ಜೆರಾಕ್ಸ್ ಪಡೆದಿದ್ದೆವು. ಜೂನ್ 30ರೊಳಗೆ ಬಂದು ವಾಪಸ್ ತೆಗೆದುಕೊಳ್ಳಿ, ಉಳಿದವನ್ನು ಹರಿದು ಹಾಕುತ್ತೇವೆ.

ಹೋದ ವರ್ಷದವರೆಗೆ ಎಲ್ಲರ ಅಂಕಗಳನ್ನೂ ವಾಟ್ಸಾಪ್ ಗ್ರೂಪಿನಲ್ಲಿ ಹಾಕುತ್ತಿದ್ದೆವು. 25ಕ್ಕೆ 6 ಬಂದ ಮಗುವಿಗೆ ಅದು ಎಷ್ಟು ಮುಜುಗರ ಅಲ್ವಾ? ಈಗ ನಿಲ್ಲಿಸಿದ್ದೇವೆ. ಅಂಕ ನಿಮ್ಮೊಬ್ಬರ ನಂಬರಿಗೆ ಮಾತ್ರ ಬರುತ್ತದೆ. ನೆಂಟರು, ಪಕ್ಕದ ಮನೆಯವರು ಫೋನ್ ಮಾಡಿ ಕೇಳಿದರೂ ಹೇಳುವುದಿಲ್ಲ.

ಫೋಟೊಗಳು

ಹಾಜರಿ ಪುಸ್ತಕಕ್ಕೆ ಒಂದು ಪಾಸ್‌ಪೋರ್ಟ್ ಸೈಜ್ ಫೋಟೊ ಬೇಕು. ಅದು ಆಫೀಸಿನಿಂದ ಹೊರಗೆ ಹೋಗುವುದಿಲ್ಲ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗ ಫ್ಲೆಕ್ಸ್ ಹಾಕಿಸುವುದು, ಶಿಕ್ಷಕರ ದಿನಾಚರಣೆಯ ಫೋಟೊ ಪೋಷಕರ ಗ್ರೂಪಿಗೆ ಕಳಿಸುವುದು, ಫೇಸ್‌ಬುಕ್ ಪುಟಕ್ಕೆ ಏರಿಸುವುದು: ಈ ಮೂರಕ್ಕೂ ಒಪ್ಪಿಗೆ ಚೀಟಿಯಲ್ಲಿ ಬೇರೆ ಬೇರೆ ಸಾಲು ಇದೆ. ಒಂದಕ್ಕೆ ಹೂಂ, ಇನ್ನೊಂದಕ್ಕೆ ಬೇಡ ಅನ್ನಬಹುದು. ಚೀಟಿ ಬರದಿದ್ದರೆ ‘ಬೇಡ’ ಎಂದೇ ತಿಳಿಯುತ್ತೇವೆ. ಬೇಡ ಅಂದವರಿಂದ ಕಾರಣ ಕೇಳುವುದಿಲ್ಲ. ಪಾಠದಲ್ಲಾಗಲಿ ಫೀಯಲ್ಲಾಗಲಿ ವ್ಯತ್ಯಾಸ ಇರುವುದಿಲ್ಲ. ಮಗುವಿಗೆ ಇಷ್ಟವಿದೆಯೇ ಎಂದೂ ಒಮ್ಮೆ ಕೇಳಿ. ಫ್ಲೆಕ್ಸ್ ಮೇಲೆ ಮುಖ ಕಂಡರೆ ನಾಚುವ ಮಕ್ಕಳೂ ಇದ್ದಾರೆ.

ಆಮೇಲೆ ಮನಸ್ಸು ಬದಲಾದರೆ ಹೇಳಿ. ಫೇಸ್‌ಬುಕ್‌ನಿಂದ 2 ದಿನದಲ್ಲಿ ತೆಗೆಯುತ್ತೇವೆ, ಫ್ಲೆಕ್ಸ್ ಇದ್ದರೆ ಇಳಿಸುತ್ತೇವೆ. ಆದರೆ ಗ್ರೂಪಿನಲ್ಲಿ ಬೇರೆಯವರು ಆಗಲೇ ಸೇವ್ ಮಾಡಿಕೊಂಡ ಫೋಟೊವನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ. ಅದನ್ನು ಯೋಚಿಸಿಯೇ ಸಹಿ ಹಾಕಿ. ನೀವೂ ಅಷ್ಟೇ, ಗ್ರೂಪಿನಲ್ಲಿ ಬಂದ ಬೇರೆ ಮಕ್ಕಳ ಫೋಟೊವನ್ನು ಸ್ಟೇಟಸ್‌ಗೆ ಹಾಕಬೇಡಿ.

ಯಾರು ನೋಡುತ್ತಾರೆ, ಎಷ್ಟು ದಿನ ಇರುತ್ತದೆ

ದಾಖಲೆಗಳನ್ನು ಪಾಠ ಮಾಡುವವರು ಮತ್ತು ಆಫೀಸಿನವರು ಮಾತ್ರ ನೋಡುತ್ತಾರೆ. ಕಾಲೇಜಿನವರು, ಕೋಚಿಂಗ್‌ನವರು ಹತ್ತನೇ ತರಗತಿ ಮಕ್ಕಳ ಫೋನ್ ನಂಬರ್ ಪಟ್ಟಿ ಕೇಳಿಕೊಂಡು ಬರುವುದುಂಟು. ದುಡ್ಡಿಗೂ ಕೊಡುವುದಿಲ್ಲ, ಸುಮ್ನೆ ಕೇಳಿದರೂ ಕೊಡುವುದಿಲ್ಲ. ಮಗು ಟ್ಯೂಷನ್ ಬಿಟ್ಟ 1 ವರ್ಷಕ್ಕೆ ಅಂಕ, ಹಾಜರಿ, ಫೋಟೊ ಅಳಿಸುತ್ತೇವೆ. ಫೀ ರಸೀದಿ ಮಾತ್ರ ಲೆಕ್ಕಪತ್ರಕ್ಕಾಗಿ ಇನ್ನೂ ಕೆಲವು ವರ್ಷ ಇರುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ ಅದು.

ನಿಮ್ಮ ಮಗುವಿನ ದಾಖಲೆ ನೋಡಬೇಕಿದ್ದರೆ, ತಪ್ಪು ತಿದ್ದಿಸಬೇಕಿದ್ದರೆ ಸೋಮವಾರದಿಂದ ಶನಿವಾರ ಸಂಜೆ 5ರಿಂದ 8ರೊಳಗೆ ಆಫೀಸಿಗೆ ಬನ್ನಿ, ಅಥವಾ ಫೀ ರಸೀದಿ ಮೇಲಿರುವ ನಂಬರಿಗೆ ಮೆಸೇಜ್ ಮಾಡಿ. ಒಪ್ಪಿಗೆ ಚೀಟಿಯನ್ನು ಜೂನ್ 15ರೊಳಗೆ ಮಗುವಿನ ಕೈಯಲ್ಲೇ ಕಳಿಸಬಹುದು.