ಶಿಫ್ಟ್ ಮೇಲ್ವಿಚಾರಣೆ ಹುದ್ದೆ: ತಿದ್ದಿದ ಜಾಹೀರಾತು

ಗೋದಾಮಿನ ವ್ಯವಸ್ಥಾಪಕರಿಗೆ,

ನೀವು ಕಳಿಸಿದ ಕರಡು ಮತ್ತು ನಾವು ತಿದ್ದಿದ ರೂಪ ಎರಡೂ ಕೆಳಗಿವೆ. ಅಚ್ಚಿಗೆ ಹೋಗುವ ಮೊದಲು ಒಮ್ಮೆ ನೋಡಿ.

ಹಳೆಯದು:
"ಶಿಫ್ಟ್ ಮೇಲ್ವಿಚಾರಕ ಬೇಕಾಗಿದ್ದಾನೆ. 22–30 ವಯಸ್ಸಿನ, ಗಟ್ಟಿಮುಟ್ಟಾದ, ಅವಿವಾಹಿತ ಯುವಕರಿಗೆ ಆದ್ಯತೆ. ಹನ್ನೆರಡನೇ ತರಗತಿ ಪಾಸಾಗಿ, ಗೋದಾಮಿನಲ್ಲಿ ಕನಿಷ್ಠ 2 ವರ್ಷ ದುಡಿದವನಾಗಿರಬೇಕು. 20 ಕಿಲೋ ಪೆಟ್ಟಿಗೆ ಎತ್ತಬಲ್ಲವನೂ ಫೋರ್ಕ್‌ಲಿಫ್ಟ್ ಓಡಿಸಬಲ್ಲವನೂ ಆಗಿರಬೇಕು. ತಿಂಗಳಿಗೆ 8 ರಾತ್ರಿ ಪಾಳಿ. 12 ಹುಡುಗರನ್ನು ಹದ್ದುಬಸ್ತಿನಲ್ಲಿಡಬೇಕು. ದಾಸ್ತಾನಿನ ಲೆಕ್ಕ ಎಕ್ಸೆಲ್‌ನಲ್ಲಿ."

ಹೊಸದು:
"ಶಿಫ್ಟ್ ಮೇಲ್ವಿಚಾರಣೆಗೆ ಅರ್ಜಿ ಆಹ್ವಾನ. ಹುದ್ದೆ: 1.
ಹನ್ನೆರಡನೇ ತರಗತಿ ಪಾಸಾಗಿರಬೇಕು. ಗೋದಾಮಿನ ಕೆಲಸದಲ್ಲಿ ಕನಿಷ್ಠ 2 ವರ್ಷದ ಅನುಭವ ಇರಬೇಕು. 20 ಕಿಲೋ ತೂಕದ ಪೆಟ್ಟಿಗೆ ಎತ್ತಲು, ಫೋರ್ಕ್‌ಲಿಫ್ಟ್ ಓಡಿಸಲು ಬರಬೇಕು. ತಿಂಗಳಿಗೆ 8 ರಾತ್ರಿ ಪಾಳಿ ಕಡ್ಡಾಯ. 12 ಮಂದಿಯ ತಂಡವನ್ನು ಶಿಸ್ತಿನಿಂದ ನಡೆಸಬೇಕು. ದಾಸ್ತಾನಿನ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡಬೇಕು."

ಏನು ಬದಲಾಯಿತು, ಏಕೆ:

ಕನ್ನಡದಲ್ಲಿ ಲಿಂಗ ಹೆಸರಿನಲ್ಲಷ್ಟೇ ಇರುವುದಿಲ್ಲ, ಕ್ರಿಯಾಪದದ ಬಾಲದಲ್ಲೂ ಕೂತಿರುತ್ತದೆ. 'ಯುವಕರು' ಎಂಬುದನ್ನು ತೆಗೆದು 'ದುಡಿದವನಾಗಿರಬೇಕು' ಹಾಗೇ ಬಿಟ್ಟಿದ್ದರೆ ಜಾಹೀರಾತು ಇನ್ನೂ ಗಂಡಸನ್ನೇ ಕರೆಯುತ್ತಿತ್ತು. 'ಅವನು/ಅವಳು' ಎಂದು ಗೆರೆ ಎಳೆಯುವ ಬದಲು ವಾಕ್ಯವನ್ನೇ ತಿರುಗಿಸಿದ್ದೇವೆ: ಅನುಭವ ಇರಬೇಕು, ಎತ್ತಲು ಬರಬೇಕು. ಓದಲೂ ಹಗುರ. 'ಮೇಲ್ವಿಚಾರಕರು ಬೇಕಾಗಿದ್ದಾರೆ' ಎಂದೂ ಬರೆಯಬಹುದಿತ್ತು, ಆದರೆ ಬಹುವಚನ ಕಂಡವರು ಹಲವು ಹುದ್ದೆಗಳಿವೆ ಎಂದುಕೊಳ್ಳುತ್ತಾರೆ. ಅದಕ್ಕೇ 'ಹುದ್ದೆ: 1'.

'ಗಟ್ಟಿಮುಟ್ಟಾದ' ಎಂಬುದಕ್ಕೆ ಅಳತೆಯಿಲ್ಲ, 20 ಕಿಲೋಗೆ ಇದೆ. ಆ ಅಂಕಿಯನ್ನು ಇಳಿಸಿಲ್ಲ, ಮುಂದೆಯೂ ಇಳಿಸಬೇಡಿ. ಭಾಷೆ ತಿದ್ದುವ ನೆಪದಲ್ಲಿ ಕೆಲಸದ ಭಾರ ಮುಚ್ಚಿಟ್ಟರೆ, ಸೇರಿದವರು ಮೊದಲ ವಾರದಲ್ಲೇ ಬಿಟ್ಟು ಹೋಗುತ್ತಾರೆ. 'ಅವಿವಾಹಿತ' ಎಂದು ಬರೆದಾಗ ನಿಮಗೆ ಬೇಕಿದ್ದುದು ರಾತ್ರಿ ಪಾಳಿಗೆ ಬರುವವರು. ಅದು ಈಗ 'ಕಡ್ಡಾಯ' ಎಂದು ನೇರವಾಗಿದೆ. ವಯಸ್ಸಿನ ಮಿತಿ ಹೇಳಬೇಕಿದ್ದುದನ್ನು ಅನುಭವದ ಸಾಲು, ತೂಕದ ಸಾಲು ಆಗಲೇ ಹೇಳುತ್ತಿವೆ.

'ಮಹಿಳೆಯರೂ ಅರ್ಜಿ ಹಾಕಬಹುದು' ಎಂದು ಕೊನೆಗೆ ಸೇರಿಸೋಣವೇ ಎಂದು ಕೇಳಿದ್ದಿರಿ. ಬೇಡ. ಆ 'ಊ' ಒಂದೇ ಸಾಕು, ಹುದ್ದೆ ನಿಜಕ್ಕೂ ಗಂಡಸರದು ಎಂದು ಹೇಳಿಬಿಡುತ್ತದೆ.

ಬೇಡಿಕೆಗಳನ್ನು ಎರಡು ಕಡೆಯೂ ಎಣಿಸಿದ್ದೇವೆ: ಓದು, ಅನುಭವ, ತೂಕ, ಫೋರ್ಕ್‌ಲಿಫ್ಟ್, ಪಾಳಿ, ತಂಡ, ಲೆಕ್ಕ. ಅಲ್ಲಿ ಏಳು, ಇಲ್ಲೂ ಏಳು. ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಇನ್ನೂ ಹಳೆಯ ಪಠ್ಯವೇ ಇದ್ದರೆ ಅದನ್ನೂ ಬದಲಿಸಿ.