ಮಾರಾಟಕ್ಕಿದೆ: ಎಚ್‌ಪಿ ಲೇಸರ್‌ಜೆಟ್ 1020 ಪ್ಲಸ್ ಪ್ರಿಂಟರ್, ₹4,200, ದಾವಣಗೆರೆ ವಿದ್ಯಾನಗರ

ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಟ್ಯೂಷನ್ ಮಾಡುತ್ತೇನೆ. ಆರು ವರ್ಷದಿಂದ ಪ್ರಶ್ನೆಪತ್ರಿಕೆ, ನೋಟ್ಸ್ ಎಲ್ಲ ತೆಗೆದಿದ್ದು ಇದರಲ್ಲೇ. ಈಗ ಮಕ್ಕಳು ಜಾಸ್ತಿ ಆದರು, ಎರಡೂ ಬದಿ ತಾನೇ ಪ್ರಿಂಟ್ ಮಾಡುವ ಮಷಿನ್ ತಂದೆ. ಅದಕ್ಕೇ ಇದನ್ನು ಕೊಡುತ್ತಿದ್ದೇನೆ. ಕಪ್ಪು-ಬಿಳುಪು ಮಾತ್ರ. ಸ್ಕ್ಯಾನರ್ ಇಲ್ಲ, ವೈಫೈ ಇಲ್ಲ, ಮೊಬೈಲಿಂದ ನೇರವಾಗಿ ಪ್ರಿಂಟ್ ಬರಲ್ಲ.

ಕಾರ್ಟ್ರಿಡ್ಜ್ 12ಎ, ಮೇಲೆ Q2612A ಎಂದಿರುತ್ತದೆ. ಊರಲ್ಲಿ ರೀಫಿಲ್ ಮಾಡುವವರೆಲ್ಲರಿಗೂ ಇದು ಗೊತ್ತು. ಕಂಪನಿ ಲೆಕ್ಕ 2,000 ಪುಟ. ನನ್ನ ಪ್ರಶ್ನೆಪತ್ರಿಕೆಯಲ್ಲಿ ಅಕ್ಷರ ಒತ್ತೊತ್ತಾಗಿರುತ್ತವೆ, ಹಾಗಾಗಿ ಒಂದು ರೀಫಿಲ್‌ಗೆ 1,500 ಬರುತ್ತದೆ. ರೀಫಿಲ್‌ಗೆ ₹300 ಕೊಡುತ್ತೇನೆ, ಅಂದರೆ ಪುಟಕ್ಕೆ 20 ಪೈಸೆ. ಮೂರು ರೀಫಿಲ್‌ಗೊಮ್ಮೆ ಡ್ರಮ್ ಬದಲಿಸಲು ₹250, ಅದು 6 ಪೈಸೆ ಆಯಿತು. 500 ಹಾಳೆಯ ಬಂಡಲ್ ₹250ಕ್ಕೆ ತರುತ್ತೇನೆ, ಹಾಳೆ 50 ಪೈಸೆ. ಎಲ್ಲ ಸೇರಿ 76 ಪೈಸೆ, ಕರೆಂಟ್ ಬಿಟ್ಟು.

ಟ್ರೇಗೆ 150 ಹಾಳೆ ಹಿಡಿಸುತ್ತದೆ. ಎ4, ಲೀಗಲ್ ಎರಡೂ ಓಡುತ್ತವೆ. ಮೇಲಿನ ಸಂದಿಯಲ್ಲಿ ಒಂದೊಂದೇ ಹಾಳೆ ಕೈಯಲ್ಲಿ ಕೊಡಬಹುದು. ದಪ್ಪ ಹಾಳೆ ಹಾಕಿದರೆ ಸುರುಳಿಯಾಗಿ ಬರುತ್ತದೆ, ಪುಸ್ತಕದ ಕೆಳಗೆ ಇಟ್ಟರೆ ಸರಿಹೋಗುತ್ತದೆ. ಹಿಂದೆ ಎರಡೆರಡು ಹಾಳೆ ಎಳೆಯುತ್ತಿತ್ತು. ಕಳೆದ ವರ್ಷ ಪಿಕಪ್ ರೋಲರ್, ಪ್ಯಾಡ್ ಎರಡೂ ಹೊಸದು ಹಾಕಿಸಿದ ಮೇಲೆ ಆ ಕಾಟ ಇಲ್ಲ. ಹಾಳೆಯನ್ನು ಒಮ್ಮೆ ಬಿಡಿಸಿಕೊಂಡು ಇಡಿ, ಸಾಕು.

ನಿನ್ನೆ ಸಂಜೆ 20 ಹಾಳೆ ಟೆಸ್ಟ್ ತೆಗೆದೆ. ಒಂದೂ ಸಿಕ್ಕಿಕೊಳ್ಳಲಿಲ್ಲ. ಕನ್ನಡ ಅಕ್ಷರವೇ ನಿಜವಾದ ಪರೀಕ್ಷೆ ಅಲ್ವಾ? ನುಡಿಯಲ್ಲಿ 10 ಸೈಜ್ ಇಟ್ಟು 'ರಾಷ್ಟ್ರ', 'ಸ್ತ್ರೀ', 'ವೈಶಿಷ್ಟ್ಯ' ಪ್ರಿಂಟ್ ಮಾಡಿದೆ. ಒತ್ತಕ್ಷರ ಒಂದಕ್ಕೊಂದು ಅಂಟಿಲ್ಲ, ಬೆರಳಲ್ಲಿ ಉಜ್ಜಿದರೂ ಮಸಿ ಹತ್ತಲ್ಲ. ಒಂದು ಕೊರತೆ ಇದೆ, ಮುಚ್ಚಿಡುವುದಿಲ್ಲ: ಬಲ ಅಂಚಿನಲ್ಲಿ ಏಳೂವರೆ ಸೆಂಟಿಮೀಟರಿಗೊಂದು ಸಣ್ಣ ಚುಕ್ಕೆ ಬೀಳುತ್ತದೆ. ಡ್ರಮ್ ಒಂದು ಸುತ್ತು ಹಾಕುವುದು ಅಷ್ಟೇ ಅಳತೆ, ಅದರ ಮೇಲೊಂದು ಗೀರು ಬಿದ್ದಿದೆ. ಮುಂದಿನ ರೀಫಿಲ್‌ನಲ್ಲಿ ಡ್ರಮ್ ಹಾಕಿಸಿದರೆ ಹೋಗುತ್ತದೆ. ₹4,500 ಅಂದುಕೊಂಡಿದ್ದೆ, ಆ ಖರ್ಚು ನಿಮ್ಮ ಮೇಲೆ ಬೀಳಬಾರದು ಅಂತ ₹300 ಇಳಿಸಿದ್ದೇನೆ.

ವಿಂಡೋಸ್ 10ರಲ್ಲಿ ನಾನೇ ಬಳಸುತ್ತಿದ್ದೇನೆ. ಡ್ರೈವರ್ ಅನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡುತ್ತೇನೆ. ಉಬುಂಟುವಿನಲ್ಲಿ ಸುಮ್ನೆ ಕೇಬಲ್ ಹಾಕಿದರೆ ಸಾಲದು, ಇಂಟರ್‌ನೆಟ್ ಇಟ್ಟುಕೊಂಡು ಇಷ್ಟು ಮಾಡಬೇಕು:

```
sudo apt install hplip
hp-plugin -i
hp-setup -i
```

ಎರಡನೆಯದು ಬಿಟ್ಟರೆ ಪ್ರಿಂಟರ್ ಹೆಸರು ಕಾಣುತ್ತದೆ, ಹಾಳೆ ಮಾತ್ರ ಅಲ್ಲಾಡಲ್ಲ. ಆನ್ ಮಾಡಿದಾಗಲೆಲ್ಲ ಫರ್ಮ್‌ವೇರ್ ಕಂಪ್ಯೂಟರಿಂದಲೇ ಹೋಗಬೇಕು, ಅದನ್ನು ಕೊಡುವುದು ಆ ಪ್ಲಗಿನ್.

ಯುಎಸ್‌ಬಿ ಕೇಬಲ್, ಪವರ್ ಕೇಬಲ್, ನನ್ನ ಅಮ್ಮ ಹೊಲಿದ ಧೂಳಿನ ಹೊದಿಕೆ ಜೊತೆಗೇ ಬರುತ್ತವೆ. ಸಂಜೆ ಟ್ಯೂಷನ್ ಇರುತ್ತದೆ, ಬೆಳಿಗ್ಗೆ 10ರಿಂದ 1ರೊಳಗೆ ಬನ್ನಿ. ಬರುವ ಮುಂಚೆ ಇಲ್ಲೇ ಒಂದು ಮೆಸೇಜ್ ಹಾಕಿ. ನಿಮ್ಮ ಲ್ಯಾಪ್‌ಟಾಪ್, ನಿಮ್ಮದೇ ಫೈಲ್ ತನ್ನಿ, ಪ್ರಿಂಟ್ ತೆಗೆದು ನೋಡಿ ಆಮೇಲೆ ದುಡ್ಡು ಕೊಡಿ.