ಇಳಕಲ್ ಸೀರೆ ಫೋಟೋದ ಕ್ಯಾಪ್ಷನ್: ಚಿತ್ರ ತೆರೆದಿಲ್ಲ, ಈ ವಿವರ ಕಳಿಸಿ

ಅಕ್ಕಾರೆ, ನಮಸ್ಕಾರ.

ನೀವು ಬೆಳಿಗ್ಗೆ ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ನಮ್ಮಲ್ಲಿ ತೆರೆಯುತ್ತಿಲ್ಲ. ಮಸುಕಾದ ಒಂದು ಚೌಕ ಕಾಣುತ್ತದೆ, ಒತ್ತಿದರೆ ಡೌನ್‌ಲೋಡ್ ಆಗುವುದಿಲ್ಲ. ಹಳೆಯ ಫೋಟೋ ಫಾರ್ವರ್ಡ್ ಮಾಡಿದಾಗ ಹೀಗಾಗುವುದುಂಟು. ಕೆಳಗೆ ನೀವು ಬರೆದದ್ದು ಇಷ್ಟೇ: "ಇಳಕಲ್ ಸೀರಿ ಐತಿ, ಚಂದ ಒಂದ್ ಕ್ಯಾಪ್ಷನ್ ಬರದ್ ಕೊಡ್ರಿ, ಪಂಚಮಿಗೆ ಹಾಕೂದೈತಿ." ಇದರ ಮೇಲೆ ಊಹಿಸಿ ಬರೆದರೆ ತಪ್ಪಾಗುತ್ತದೆ. ಕ್ಯಾಪ್ಷನ್ನಿನಲ್ಲಿ ಕೆಂಪು ಅಂತಿದ್ದು ಸೀರೆ ಹಸಿರು ಇದ್ದರೆ ನೋಡಿದವರು ಬೆಲೆ ಕೇಳುವ ಬದಲು ತಪ್ಪು ತೋರಿಸುತ್ತಾರೆ. ಕೈಮಗ್ಗವಲ್ಲದ್ದಕ್ಕೆ ಕೈಮಗ್ಗ ಅಂತ ಬರೆದರೆ ಕೊಂಡವರ ನಂಬಿಕೆಯೇ ಹೋಗುತ್ತದೆ.

ಗ್ಯಾಲರಿಯಿಂದ ಫೋಟೋವನ್ನು 'ಡಾಕ್ಯುಮೆಂಟ್' ಆಗಿ ಮತ್ತೊಮ್ಮೆ ಕಳಿಸಿ, ಆಗ ಅದು ಕುಗ್ಗದೆ ಬರುತ್ತದೆ. 'ವ್ಯೂ ಒನ್ಸ್' ಹಾಕಬೇಡಿ. ಫೋಟೋ ಹೋಗದಷ್ಟು ನೆಟ್ ನಿಧಾನವಿದ್ದರೆ ಸೀರೆ ಎದುರಿಗಿಟ್ಟುಕೊಂಡು ವಾಯ್ಸ್ ಮೆಸೇಜಿನಲ್ಲಿ ಹೇಳಿದರೂ ಸಾಕು.

ಸೆರಗಿನಿಂದ ಶುರು ಮಾಡಿ. ಇಳಕಲ್ ಸೀರೆಯ ಗುರುತು ಅಲ್ಲೇ ಇರುತ್ತದೆ. ಫೋಟೋದಲ್ಲಿ ಸೆರಗು ಪೂರ್ತಿ ಬಿಚ್ಚಿದೆಯೋ, ಮಡಿಕೆಯೊಳಗೆ ಹೋಗಿದೆಯೋ? ಕೆಂಪು ಬಿಳಿಯ ಟೋಪ್ ತೆನಿ ಸೆರಗೋ, ಬೇರೆಯೋ? ಒಡಲಿನ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಕೊಂಡಿ ಹಾಕಿದ ಗೆರೆ ಹತ್ತಿರದಿಂದ ಕಾಣುತ್ತದೆಯೇ? ಕಾಣುವಂತಿದ್ದರೆ ಕ್ಯಾಪ್ಷನ್ ಅದರ ಮೇಲೆಯೇ ನಿಲ್ಲಬೇಕು, ಆ ಒಂದು ಗೆರೆಯಲ್ಲಿ ನೇಕಾರರ ಕೆಲಸ ಎದ್ದು ಕಾಣುತ್ತದೆ.

ಬಣ್ಣಕ್ಕೆ ಬರೀ 'ಹಸಿರು' ಅನ್ನಬೇಡಿ. ಗಿಣಿ ಹಸಿರೋ, ನವಿಲು ಹಸಿರೋ? ಕೆಂಪಾದರೆ ಕುಂಕುಮವೋ, ದಾಳಿಂಬೆಯೋ? ಟ್ಯೂಬ್‌ಲೈಟಿನ ಕೆಳಗೆ ತೆಗೆದಿದ್ದರೆ ಅದನ್ನೂ ತಿಳಿಸಿ, ಅಲ್ಲಿ ಬಣ್ಣ ಬದಲಾಗಿ ಕಾಣುತ್ತದೆ. ಹಗಲು ಬೆಳಕಿನಲ್ಲಿ ಕಣ್ಣಿಗೆ ಕಂಡ ಬಣ್ಣವನ್ನೇ ಬರೆಯೋಣ.

ದಡಿ ಗೋಮಿಯೋ, ಚಿಕ್ಕಿ ಪರಾಸೋ, ಗಾಯತ್ರಿಯೋ, ಎಷ್ಟು ಬೆರಳು ಅಗಲ? ಹಾಸಿನ ಎಳೆ ಯಾವುದು, ಹೊಕ್ಕಿನ ಎಳೆ ಯಾವುದು: ರೇಷ್ಮೆ, ಹತ್ತಿ, ಚಮಕಾ? ಚಮಕಾ ಕೃತಕ ರೇಷ್ಮೆ, ಅದಕ್ಕೆ 'ಶುದ್ಧ ರೇಷ್ಮೆ' ಅಂತ ನಾವು ಬರೆಯುವುದಿಲ್ಲ. ಎಲ್ಲಿ, ಯಾವ ಮಗ್ಗದಲ್ಲಿ ನೇಯ್ದದ್ದು ಅನ್ನುವುದೂ ಬೇಕು. ಇಳಕಲ್ ಸೀರೆಗೆ ಜಿಐ ಮಾನ್ಯತೆ ಇದೆ, ಬೇರೆ ಕಡೆ ಪವರ್‌ಲೂಮಿನಲ್ಲಿ ನೇಯ್ದ ನಕಲಿಗೆ ಆ ಹೆಸರು ಹಾಕಬಾರದು.

ಕಸೂತಿ ಇದ್ದರೆ ಸೀರೆ ಮಗುಚಿ ನೋಡಿ. ಕೈಯಿಂದ ಹಾಕಿದ ಗವಂತಿ, ಮುರ್ಗಿ ಹೊಲಿಗೆ ಎರಡೂ ಬದಿಗೆ ಒಂದೇ ಥರ ಇರುತ್ತದೆ. ಹಿಂಬದಿಯಲ್ಲಿ ದಾರ ತೊಡಕಾಗಿದ್ದರೆ ಮಷಿನ್ ಕೆಲಸ ಇರಬಹುದು, ಹಾಕಿದವರನ್ನೇ ಕೇಳಿ.

ಫೋಟೋದಲ್ಲಿ ಸೀರೆ ಉಟ್ಟವರಿದ್ದರೆ ಅವರ ಒಪ್ಪಿಗೆ ಕೇಳಿದ್ದೀರಾ? ಹಿಂದೆ ಏನಿದೆ, ಅಂಗಡಿಯ ಕಪಾಟೋ, ಮಗ್ಗವೋ? ಇದೇ ವಿವರದಿಂದ ಇನ್‌ಸ್ಟಾಗ್ರಾಮಿನ ಆಲ್ಟ್ ಟೆಕ್ಸ್ಟನ್ನೂ ಬರೆದು ಕೊಡುತ್ತೇವೆ, ಕಣ್ಣು ಕಾಣದವರಿಗೆ ಅವರ ಫೋನ್ ಅದನ್ನು ಓದಿ ಹೇಳುತ್ತದೆ. ಎಷ್ಟು ವಾರಿ, ಬೆಲೆ, ಕೊರಿಯರ್ ಖರ್ಚು ಮರೆಯಬೇಡಿ. ಇನ್‌ಸ್ಟಾದಲ್ಲಿ 'ಮೋರ್' ಒತ್ತುವ ಮೊದಲು ಸುಮಾರು 125 ಅಕ್ಷರ ಮಾತ್ರ ಕಾಣುವುದರಿಂದ ಬಣ್ಣ, ಅಳತೆ, ಬೆಲೆ ಮೊದಲ ಸಾಲಿನಲ್ಲೇ ಬರಬೇಕು.

ನೀವು ಇಷ್ಟು ಬರೆದರೆ ಸಾಕು: "ನವಿಲು ಹಸಿರು ಒಡಲು, ಕೆಂಪು ಬಿಳಿ ಟೋಪ್ ತೆನಿ ಸೆರಗು, ಕಟ್ಟಿಗೆ ಕಂಬದ ಮೇಲೆ ಇಳಿಬಿಟ್ಟದ್ದು, ಕೊಂಡಿ ಗೆರೆ ಕಾಣತೈತಿ. ಹಾಸು ರೇಷ್ಮೆ, ಹೊಕ್ಕು ಹತ್ತಿ, ಕೈಮಗ್ಗ, ಇಳಕಲ್ಲಿನಾಗ ನೇಯ್ದದ್ದು. 8 ವಾರಿ, ₹3,400, ಕೊರಿಯರ್ ಬೇರೆ."

ಅದರಿಂದ ಬರುವ ಕ್ಯಾಪ್ಷನ್:

"ನವಿಲು ಹಸಿರು ಒಡಲು, ಟೋಪ್ ತೆನಿ ಸೆರಗು. 8 ವಾರಿ, ₹3,400.
ಹಸಿರು ಮುಗಿದು ಕೆಂಪು ಶುರುವಾಗೋ ಗೆರೆ ನೋಡ್ರಿ, ಅಲ್ಲಿ ಹಾಸಿನ ಎಳೆಗೆ ಎಳೆ ಕೊಂಡಿ ಹಾಕ್ಯಾರ. ಇಳಕಲ್ ಕೈಮಗ್ಗ, ಹಾಸು ರೇಷ್ಮೆ, ಹೊಕ್ಕು ಹತ್ತಿ. ಕೊರಿಯರ್ ಖರ್ಚು ಬೇರೆ. ಬೇಕಾದ್ರ ಮೆಸೇಜ್ ಮಾಡ್ರಿ."

ಇವತ್ತೇ ಏನಾದರೂ ಹಾಕಲೇಬೇಕಿದ್ದರೆ, ಸೀರೆ ಇಳಕಲ್ಲಿನದೇ ಅನ್ನುವುದು ಖಚಿತವಿದ್ದರೆ ಇದನ್ನು ಹಾಕಿ, ಇದರಲ್ಲಿ ಬಣ್ಣದ ಮಾತಿಲ್ಲ:

"ಪಂಚಮಿಗೆ ತವರಿಗೆ ಬರೋ ಮಗಳಿಗೆ ಇಳಕಲ್ ಸೀರಿ. ಬೆಲೆ, ಅಳತೆಗೆ ಮೆಸೇಜ್ ಮಾಡ್ರಿ."

ಸಂಜೆ 5ರೊಳಗೆ ವಿವರ ಬಂದರೆ ರಾತ್ರಿ 8ಕ್ಕೆ ಎರಡು ಕ್ಯಾಪ್ಷನ್ ಕಳಿಸುತ್ತೇವೆ, ಒಂದು ಇನ್‌ಸ್ಟಾಕ್ಕೆ, ಇನ್ನೊಂದು ವಾಟ್ಸಾಪ್ ಸ್ಟೇಟಸ್ಸಿಗೆ.